ರಜೆಯ ಸೊನ್ನೆ, ಕೆಲಸದ ದಿನದ ಸೊನ್ನೆ

ಮುಂಬೈನ ಷೇರು ವಿನಿಮಯ ಕೇಂದ್ರ ಎನ್‌ಎಸ್‌ಇ ಪ್ರತಿ ವಹಿವಾಟಿನ ದಿನ ಸಂಜೆ ‘ಭಾವ್‌ಕಾಪಿ’ ಎಂಬ ಕಡತವನ್ನು ಪ್ರಕಟಿಸುತ್ತದೆ. ಆ ದಿನ ಕೈಬದಲಾದ ಒಂದೊಂದು ಷೇರಿಗೂ ಅದರಲ್ಲಿ ಒಂದು ಸಾಲಿರುತ್ತದೆ. ಅದನ್ನು ತಾನಾಗಿ ಇಳಿಸಿಕೊಳ್ಳುವ ಸ್ಕ್ರಿಪ್ಟುಗಳನ್ನು ಬಹಳ ಮಂದಿ ಬರೆದುಕೊಂಡಿದ್ದಾರೆ. ಅವುಗಳಲ್ಲಿ ಸಾಮಾನ್ಯವಾಗಿ ಕಾಣುವ ರೂಢಿ ಒಂದಿದೆ: ಕಡತ ಸಿಗದೆ ಸರ್ವರ್ 404 ಎಂದರೆ, ಸ್ಕ್ರಿಪ್ಟ್ ‘ಇವತ್ತು ರಜೆ’ ಎಂದುಕೊಂಡು ಸೊನ್ನೆ ಸಾಲು ದಾಖಲಿಸಿ ಕೆಲಸ ಮುಗಿಸುತ್ತದೆ. ಅಲರ್ಟ್ ಹೋಗುವುದಿಲ್ಲ. ಶನಿವಾರ, ಭಾನುವಾರ, ಹಬ್ಬಗಳಂದು ಸುಳ್ಳು ಅಲರ್ಟುಗಳಿಂದ ಬೇಸತ್ತವರು ಕಂಡುಕೊಂಡ ದಾರಿ ಇದು. ಅವರ ಬೇಸರ ನ್ಯಾಯವಾದದ್ದೇ. ಆದರೆ ಈ ದಾರಿ ತಪ್ಪು ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಇಲ್ಲಿ ರಜೆಗೆ ಸಾಕ್ಷಿ ಹೇಳುತ್ತಿರುವುದು ಆ ಖಾಲಿ ರನ್ನೇ.

2024ರ ಜುಲೈ 8ರಂದು ಏನಾಯಿತೆಂದು ನೋಡಿ. ಅಂದಿನಿಂದ ಎನ್‌ಎಸ್‌ಇ ಹಳೆಯ ನಮೂನೆಯ ಭಾವ್‌ಕಾಪಿ ನಿಲ್ಲಿಸಿ ಹೊಸ ನಮೂನೆಗೆ ಹೋಯಿತು. ಕಡತದ ಹೆಸರೂ ಬದಲಾಯಿತು. ಹಳೆಯ ವಿಳಾಸವನ್ನೇ ಹುಡುಕುವ ಸ್ಕ್ರಿಪ್ಟಿಗೆ ಮತ್ತೆ ಮತ್ತೆ ಕಾಣುವುದು ‘ರಜೆ’ ಮಾತ್ರ. ಅದು ಸೋಮವಾರ, ಪೇಟೆ ಎಂದಿನಂತೆ ತೆರೆದಿದ್ದ ದಿನ. ಹಿಂದಿನ ಎಂಟು ಸೋಮವಾರಗಳ ಸಾಲುಗಳ ಸಂಖ್ಯೆಯನ್ನು ಏರಿಕೆ ಕ್ರಮದಲ್ಲಿಟ್ಟು ನಡುವಿನ ಸಂಖ್ಯೆ ತೆಗೆದು ಹೋಲಿಸಿದ್ದರೆ, ನಡುವೆ ಎರಡು ಸೋಮವಾರ ರಜೆಗೆ ಸಿಕ್ಕಿದ್ದರೂ, ಅಂದೇ ಸಂಜೆ ಗಂಟೆ ಬಾರಿಸುತ್ತಿತ್ತು. ಸರಾಸರಿಯ ಬದಲು ನಡುವಿನ ಸಂಖ್ಯೆ ಹಿಡಿಯುವುದು ಇದಕ್ಕೇ: ಒಂದೆರಡು ರಜೆಯ ಸೊನ್ನೆ ಅದನ್ನು ಅಷ್ಟಾಗಿ ಅಲುಗಿಸುವುದಿಲ್ಲ.

ಹಾಗೆಂದು ವಾರದ ದಿನವೊಂದನ್ನೇ ನಂಬಿದರೂ ಸಾಲದು. 2024ರ ಜನವರಿ 20 ಶನಿವಾರ. ಅಂದು ಪೂರ್ತಿ ವಹಿವಾಟು ನಡೆಯಿತು. ಅಯೋಧ್ಯೆಯ ಪ್ರಾಣಪ್ರತಿಷ್ಠೆಗಾಗಿ ಮಹಾರಾಷ್ಟ್ರ ಸರ್ಕಾರ ರಜೆ ಸಾರಿದ್ದರಿಂದ 22ರ ಸೋಮವಾರ ಪೇಟೆ ಮುಚ್ಚಿತ್ತು. ‘ಶನಿವಾರ ಸೊನ್ನೆ, ಸೋಮವಾರ ತುಂಬು’ ಎಂಬ ಲೆಕ್ಕ ಎರಡು ದಿನವೂ ತಲೆಕೆಳಗಾಯಿತು. ಸೋಮವಾರದ ಸುಳ್ಳು ಅಲರ್ಟಿನಿಂದ ಆಗುವುದು ಕಿರಿಕಿರಿಯಷ್ಟೇ. ಶನಿವಾರ ಕಡತ ಬಾರದೆ ಹೋಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ನಷ್ಟ ಅದು. ವರ್ಷದ ಮೊದಲೇ ಪ್ರಕಟವಾದ ರಜಾಪಟ್ಟಿಯಲ್ಲಿ 22ರ ರಜೆ ಇರಲಿಲ್ಲ. ಪಟ್ಟಿಯನ್ನು ಜನವರಿಯಲ್ಲಿ ಒಮ್ಮೆ ತುಂಬಿಸಿ ಮರೆಯುವವರು ಅದೇ ತಿಂಗಳಲ್ಲೇ ಎಡವಿದರು. ವಿನಿಮಯ ಕೇಂದ್ರದ ಸುತ್ತೋಲೆಗಳನ್ನು ಪ್ರತಿದಿನ ನೋಡಿ ಪಟ್ಟಿ ತಿದ್ದುವ ಕೆಲಸ ಯಾರದಾದರೂ ಹೆಸರಿನಲ್ಲಿ ಇರಲೇಬೇಕು.

ಹೋದ ವರ್ಷದ ಅದೇ ತಾರೀಖಿನೊಂದಿಗೆ ಹೋಲಿಸುವವರೂ ಇದ್ದಾರೆ. ನಮ್ಮ ಹಬ್ಬಗಳಿಗೆ ಅದು ಹೊಂದುವುದಿಲ್ಲ. ದೀಪಾವಳಿಯ ಮುಹೂರ್ತ ವಹಿವಾಟು 2023ರಲ್ಲಿ ನವೆಂಬರ್ 12ಕ್ಕೆ ಬಿತ್ತು, 2024ರಲ್ಲಿ ನವೆಂಬರ್ 1ಕ್ಕೆ, 2025ರಲ್ಲಿ ಅಕ್ಟೋಬರ್ 21ಕ್ಕೆ. ಹೋಲಿಕೆ ನಡೆಯಬೇಕಾದ್ದು ಹಬ್ಬದ ಹೆಸರಿನ ಮೇಲೆ. ಈ ಮುಹೂರ್ತದ ದಿನವಂತೂ ರಜಾಪಟ್ಟಿಯಲ್ಲೂ ಇರುತ್ತದೆ, ಒಂದು ಗಂಟೆ ವಹಿವಾಟೂ ನಡೆಯುತ್ತದೆ. 2023ರಲ್ಲಿ ಅದು ಭಾನುವಾರವೂ ಆಗಿತ್ತು. ಅಂದು ಸೊನ್ನೆ ಬಂದರೆ ಅದು ಖಂಡಿತ ದೋಷ. ಹಬ್ಬವೆಂದು ಅಲರ್ಟನ್ನೇ ಆರಿಸಿಟ್ಟವರಿಗೆ ಅದು ಕಾಣುವುದೇ ಇಲ್ಲ. ಇನ್ನೂ ಒಂದು ಸೂಕ್ಷ್ಮವಿದೆ. ಒಮ್ಮೆ ಕೈಬದಲಾದರೂ ಷೇರಿಗೆ ಸಾಲು ಸಿಗುವುದರಿಂದ ಸಾಲುಗಳ ಸಂಖ್ಯೆ ಅಷ್ಟಾಗಿ ಕುಗ್ಗುವುದಿಲ್ಲ, ವಹಿವಾಟಿನ ಮೊತ್ತ ಮಾತ್ರ ಬಹಳ ಇಳಿಯುತ್ತದೆ. ಹಬ್ಬದ ಅಳತೆಗೋಲನ್ನು ಎರಡಕ್ಕೂ ಒಂದೇ ಎಂದು ಹಾಕಿದರೆ ಒಂದಾದರೂ ತಪ್ಪುತ್ತದೆ.

ಷೇರುಪೇಟೆ ತೆರೆದಿರುತ್ತದೆ ಇಲ್ಲವೇ ಮುಚ್ಚಿರುತ್ತದೆ, ಆದ್ದರಿಂದ ತೀರ್ಪು ಸುಲಭ. ಭಾನುವಾರ ಸರಾಸರಿ ಮೂರು ದೂರು ಬರುವ ಸಹಾಯವಾಣಿಯ ಮಾತೇ ಬೇರೆ. ದೂರುಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬರುತ್ತವೆಂದರೆ, ಸರಾಸರಿ λ ಇರುವಾಗ ಸೊನ್ನೆ ಬರುವ ಸಂಭವ `e^(-λ)`. ಮೂರಕ್ಕೆ ಅದು ಸುಮಾರು ಶೇ 5, ಒಂದಕ್ಕೆ ಶೇ 37. ಸರಾಸರಿ ಒಂದೇ ಇರುವ ಕಡೆ ಒಂದು ಖಾಲಿ ಭಾನುವಾರದಿಂದ ಏನೂ ತಿಳಿಯದು. ಸತತ ಮೂರು ಖಾಲಿ ಹೋದರೆ, ಅದು ಸಹಜವಾಗಿ ಆಗುವ ಸಂಭವ ಅದೇ ಶೇ 5ರ ಮಟ್ಟಕ್ಕೆ ಇಳಿಯುತ್ತದೆ. ಮೂರು ವಾರ ಕಾಯಲಾಗದಿದ್ದರೆ ದೂರುಗಳು ಬರುವ ಕೊಳವೆಯಲ್ಲಿ ಪ್ರತಿದಿನ ಒಂದು ಪರೀಕ್ಷಾ ದೂರು ಕಳಿಸಿ, ಅದು ಈ ತುದಿಗೆ ಬಂತೇ ಎಂದು ನೋಡುವುದೇ ಸರಿ.

ಇಷ್ಟೆಲ್ಲ ಮಾಡಿಯೂ ಬೇಸ್‌ಲೈನ್ ಕೆಡುವುದು ದಾಖಲೆಯ ದೋಷದಿಂದ. ‘ನೋಡಿದೆವು, ಏನೂ ಇರಲಿಲ್ಲ’ ಮತ್ತು ‘ನೋಡಲಾಗಲಿಲ್ಲ’ ಎರಡನ್ನೂ ಸೊನ್ನೆಯೆಂದೇ ಬರೆದರೆ, ಎಂಟರಲ್ಲಿ ಐದು ಸೋಮವಾರ ಕೆಟ್ಟು ನಿಂತ ಸ್ಕ್ರಿಪ್ಟಿಗೆ ನಡುವಿನ ಸಂಖ್ಯೆಯೇ ಸೊನ್ನೆಯಾಗುತ್ತದೆ. ಆರನೆಯ ಸೋಮವಾರದ ಸೊನ್ನೆ ಸಹಜವೆನಿಸಿಬಿಡುತ್ತದೆ. ‘ನೋಡಲಾಗಲಿಲ್ಲ’ ಎಂಬುದಕ್ಕೆ ಸಂಖ್ಯೆಯನ್ನೇ ಕೊಡದೆ `NULL` ಬರೆದು, ಲೆಕ್ಕದಿಂದ ಹೊರಗಿಡಬೇಕು.