ಎಂಟರ ಮೈಯಲ್ಲಿ ಒಂಬತ್ತು

ಈ ವಾರ 1911ರ ‘ಹಂದಿ ರೂಪಾಯಿ’ಯ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಐದನೇ ಜಾರ್ಜನ ನಿಲುವಂಗಿಯ ಮೇಲಿನ ಆನೆ ಜನರ ಕಣ್ಣಿಗೆ ಹಂದಿಯಾಗಿ ಕಂಡ ಆ ಕಥೆ ನೂರು ವರ್ಷ ಕಾದಿದೆ, ಇನ್ನೊಂದು ವಾರ ಕಾಯಲಿ. ದಾವಣಗೆರೆಯ ಓದುಗರೊಬ್ಬರು ಒಂದು ಬೆಳ್ಳಿ ರೂಪಾಯಿಯ ಫೋಟೊ ಕಳಿಸಿ, “ಇದು 1939ರದ್ದು ಹೌದಾ ಸರ್?” ಎಂದು ಕೇಳಿದ್ದಾರೆ. ಆರನೇ ಜಾರ್ಜನ 1939ರ ರೂಪಾಯಿ ಎಂದರೆ ಏನೆಂದು ಈ ಅಂಕಣದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1938ರದ್ದು ಯಾವ ಅಂಗಡಿಯಲ್ಲೂ ಸಿಗುತ್ತದೆ, 1939ರದ್ದು ಹುಡುಕಿದರೂ ಸಿಗುವುದಿಲ್ಲ. ಎರಡಕ್ಕೂ ಒಂದೇ ಬೆಳ್ಳಿ, ಒಂದೇ 11.66 ಗ್ರಾಂ ತೂಕ. ನಡುವೆ ಇರುವುದು ಒಂದು ಅಂಕಿ ಮಾತ್ರ.

ಓದುಗರು ನನಗೆ ಬರೆಯುವ ಮೊದಲೇ ಊರಿನ ಇಬ್ಬರು ಹಿರಿಯರಿಗೆ ತೋರಿಸಿದ್ದರಂತೆ. ಒಬ್ಬರು ಕಲ್ಲಿನ ಮೇಲೆ ಚಿಮ್ಮಿಸಿ ಸದ್ದು ಕೇಳಿ ‘ಅಸಲಿ’ ಅಂದರು. ಇನ್ನೊಬ್ಬರು ತಕ್ಕಡಿಗೆ ಹಾಕಿ ‘ಅಸಲಿ’ ಅಂದರು. ಠಣ್ ಪಂಗಡದವರೊಂದಿಗೂ ತಕ್ಕಡಿ ಪಂಗಡದವರೊಂದಿಗೂ ನನ್ನ ಜಗಳ ಹಳೆಯದು, ಅದನ್ನು ಇವತ್ತು ತೀರಿಸಿಬಿಡುತ್ತೇನೆ. ಸದ್ದು ಹೇಳುವುದು ಲೋಹದ ಗುಣವನ್ನು, ತಕ್ಕಡಿ ಹೇಳುವುದು ಅದರ ಮೊತ್ತವನ್ನು. ಯಾರಾದರೂ ಅಸಲಿ 1938ರ ರೂಪಾಯಿ ತೆಗೆದುಕೊಂಡು, ಕೊನೆಯ 8ರ ಕೆಳಗಿನ ಸುತ್ತಿನ ಎಡಭಾಗವನ್ನು ಸಣ್ಣ ಉಳಿಯಿಂದ ಕೆತ್ತಿ ತೆಗೆದು 9 ಮಾಡಿದ್ದರೆ? ಹೋಗುವ ಬೆಳ್ಳಿ ತಕ್ಕಡಿಗೆ ಗೊತ್ತೇ ಆಗದಷ್ಟು. ಸದ್ದು ಹಾಗೇ ಇರುತ್ತದೆ. ಇಬ್ಬರು ಹಿರಿಯರೂ ನಿಜವನ್ನೇ ಹೇಳಿದ್ದಾರೆ, ಬೆಳ್ಳಿ ಅಸಲಿಯೇ. ಆದರೆ ಕೇಳಿದ ಪ್ರಶ್ನೆ ಅದಲ್ಲ.

ಇಂಥಲ್ಲಿ ಕೆಲಸಕ್ಕೆ ಬರುವುದು ಫೋಟೊ ಜೋಡಿ. ಅನುಮಾನದ ನಾಣ್ಯವನ್ನೂ ಅಸಲಿಯೆಂದು ಗೊತ್ತಿರುವ ನಾಣ್ಯವನ್ನೂ ಒಂದೇ ರೀತಿ ತೆಗೆದು ಅಕ್ಕಪಕ್ಕ ಇಟ್ಟು ನೋಡುವುದು, ಆಮೇಲೆ ಒಂದರ ಮೇಲೊಂದು ಹೊದಿಸಿ ನೋಡುವುದು. ಕಷ್ಟವೆಲ್ಲ ಇರುವುದು ‘ಒಂದೇ ರೀತಿ’ ಎಂಬಲ್ಲಿ. ಅವರು ಮೊದಲು ಕಳಿಸಿದ ಫೋಟೊ ಮೊಬೈಲನ್ನು ನಾಣ್ಯದ ಮೂಗಿಗೇ ಹಿಡಿದು ತೆಗೆದದ್ದು. ಅಷ್ಟು ಹತ್ತಿರದಿಂದ ತೆಗೆದರೆ ಉಬ್ಬಿದ ಭಾಗ ದೊಡ್ಡದಾಗಿ, ತಗ್ಗಿನ ಭಾಗ ಚಿಕ್ಕದಾಗಿ ಕಾಣುತ್ತದೆ. ಸ್ವಲ್ಪ ವಾಲಿದರೂ ದುಂಡು ನಾಣ್ಯ ಮೊಟ್ಟೆಯಾಗುತ್ತದೆ. ಅದನ್ನು ಯಾವುದರ ಮೇಲೆ ಹೊದಿಸಿದರೂ ಹೊಂದುವುದಿಲ್ಲ, ಹೊಂದದಿದ್ದರೆ ತಪ್ಪು ನಾಣ್ಯದ್ದೂ ಅಲ್ಲ. ಅರ್ಧ ಮೀಟರಿನಷ್ಟು ಹಿಂದೆ ಸರಿದು ಜೂಮ್ ಮಾಡಿ, ಮೊಬೈಲನ್ನು ಸ್ಟ್ಯಾಂಡಿಗೆ ಕಟ್ಟಿ ನೇರ ಮೇಲಿನಿಂದ ತೆಗೆಯಿರಿ ಎಂದೆ. ಬೆಳಕು ಒಂದೇ ದೀಪದ್ದು, ಗಡಿಯಾರದ ಹತ್ತು ಗಂಟೆಯ ದಿಕ್ಕಿನಿಂದ, ಎರಡೂ ನಾಣ್ಯಕ್ಕೆ ಅದೇ. ಪಕ್ಕದಲ್ಲಿ ಮಿಲಿಮೀಟರ್ ಗೆರೆಯ ಸ್ಕೇಲು ಇರಲೇಬೇಕು. ಅದು ಯಾಕೆಂದು ಮುಂದೆ ಹೇಳುತ್ತೇನೆ. ಜೊತೆಗೆ ಎರಡು 1938ರ ರೂಪಾಯಿಗಳ ಫೋಟೊ ಬೇಕು ಎಂದೆ. ಅವು ಅವರ ಡಬ್ಬಿಯಲ್ಲೇ ಇದ್ದವು.

1939ರ ಅಸಲಿ ಕೈಯಲ್ಲಿ ಇರುವವರು ಕಡಿಮೆ. ಒಳ್ಳೆಯ ಹರಾಜು ಕ್ಯಾಟಲಾಗಿನ ಚಿತ್ರ ಸಾಕು, ಆದರೆ ಅದೇ ಬಗೆಯ ಅಚ್ಚಿನದ್ದಾಗಿರಬೇಕು. ಆರನೇ ಜಾರ್ಜನ ನಾಣ್ಯಗಳಲ್ಲಿ ತಲೆ ಎರಡು ಬಗೆಯದ್ದಿದೆ. ಒಂದರ ಮೇಲೆ ಇನ್ನೊಂದನ್ನು ಹೊದಿಸಿ ‘ಕಿವಿ ಕೂಡಲಿಲ್ಲ, ಖೋಟಾ’ ಎಂದು ವಾಟ್ಸಾಪಿನಲ್ಲಿ ತೀರ್ಪು ಕೊಟ್ಟವರನ್ನು ನೋಡಿದ್ದೇನೆ. ಪಾಪ, ಎರಡೂ ಅಸಲಿಯೇ ಆಗಿದ್ದವು.

ಚಿತ್ರ ತಿದ್ದುವ ಯಾವ ತಂತ್ರಾಂಶದಲ್ಲೂ ಪದರಗಳಿರುತ್ತವೆ. ಕೆಳಗಿನ ಪದರದಲ್ಲಿ ಅಸಲಿ, ಮೇಲಿನದರಲ್ಲಿ ಅನುಮಾನದ್ದು. ಹೆಚ್ಚಿನವರು ನಾಣ್ಯದ ಅಂಚಿಗೆ ಅಂಚು ಕೂಡಿಸುತ್ತಾರೆ. ಅಂಚು ಸವೆಯುತ್ತದೆ, ಜಜ್ಜಿಹೋಗುತ್ತದೆ, ಅದನ್ನು ನಂಬುವಂತಿಲ್ಲ. ವಿನ್ಯಾಸದೊಳಗೆ ದೂರದೂರದ ಎರಡು ಬಿಂದು ಹಿಡಿಯಿರಿ. ಈ ನಾಣ್ಯದಲ್ಲಿ ಹಿಂಬದಿಯ ಹೂಬಳ್ಳಿಯ ಎಡದ ಒಂದು ಎಲೆತುದಿ, ಬಲದ ಒಂದು ಎಲೆತುದಿ. ಅವೆರಡು ಕೂಡುವ ಹಾಗೆ ಹಿಗ್ಗಿಸಿ, ಕುಗ್ಗಿಸಿ, ತಿರುಗಿಸಿ. ಹಿಗ್ಗಿಸುವಾಗ ಉದ್ದವೂ ಅಗಲವೂ ಒಂದೇ ಪ್ರಮಾಣದಲ್ಲಿ ಹಿಗ್ಗಬೇಕು. ಬೇರೆ ಬೇರೆಯಾಗಿ ಎಳೆಯಲು ಬಿಟ್ಟರೆ ನನ್ನ ಮೂಗನ್ನೂ ಜಾರ್ಜನ ಮೂಗಿಗೆ ಕೂಡಿಸಬಹುದು. ಎರಡು ಬಿಂದು ಕೂಡಿದ ಮೇಲೆ, ಕೂಡಿಸಲು ಬಳಸದ ಮೂರನೆಯ ಜಾಗ ನೋಡಿ, ನಡುವಿನ ಒಂದು ಅಕ್ಷರದ ಕಾಲು. ಅದು ತಾನಾಗಿ ಕೂಡಿದ್ದರೆ ಜೋಡಣೆ ಸರಿ.

ನೋಡುವ ದಾರಿ ಎರಡು. ಒಂದು, ಎರಡೂ ಪದರಗಳ ವ್ಯತ್ಯಾಸವನ್ನು ಮಾತ್ರ ತೋರಿಸುವ ವಿಧಾನ. ಒಂದೇ ಆಗಿರುವ ಜಾಗ ಕಪ್ಪಾಗುತ್ತದೆ, ಬೇರೆಯಾದದ್ದು ಹೊಳೆಯುತ್ತದೆ. ಆದರೆ ಬೆಳಕಿನ ವ್ಯತ್ಯಾಸವೂ ಸವೆತವೂ ಹೊಳೆಯುತ್ತವಾದ್ದರಿಂದ ಅದು ಹೊಸಬರನ್ನು ಹೆದರಿಸುತ್ತದೆ. ನನಗೆ ಇಷ್ಟ ಎರಡನೆಯದು. ಮೇಲಿನ ಪದರವನ್ನು ಬೇಗ ಬೇಗ ಮುಚ್ಚಿ ತೆರೆಯುವುದು. ಒಂದೇ ಆಗಿರುವುದು ಸುಮ್ಮನಿರುತ್ತದೆ, ಬೇರೆಯಾದದ್ದು ಕುಣಿಯುತ್ತದೆ. ಕ್ಲೈಡ್ ಟಾಂಬಾ 1930ರಲ್ಲಿ ಪ್ಲೂಟೊ ಹಿಡಿದದ್ದೂ ಹೀಗೆಯೇ. ಬೇರೆ ಬೇರೆ ರಾತ್ರಿಯ ಎರಡು ಫೋಟೊ ಗಾಜುಗಳನ್ನು ಒಂದಾದ ಮೇಲೊಂದು ಮಿಣುಕಿಸಿ ನೋಡಿದಾಗ ನಕ್ಷತ್ರಗಳೆಲ್ಲ ನಿಂತಲ್ಲೇ ಇದ್ದವು, ಒಂದು ಚುಕ್ಕೆ ಮಾತ್ರ ಜಿಗಿಯಿತು.

ಇನ್ನು ದಾವಣಗೆರೆಯ ನಾಣ್ಯ. ಮೊದಲು ಅವರ ಎರಡು 1938ನ್ನು ಒಂದರ ಮೇಲೊಂದು ಹೊದಿಸಿದೆ. ಈ ಹೆಜ್ಜೆಯನ್ನು ಯಾರೂ ಇಡುವುದಿಲ್ಲ, ಆದರೆ ಉಳಿದದ್ದೆಲ್ಲ ನಿಂತಿರುವುದು ಇದರ ಮೇಲೆ. ಎರಡು ಅಸಲಿಗಳ ನಡುವೆಯೇ ಒಂದು ಕೂದಲೆಳೆಯಷ್ಟು ಅಲುಗಾಟ ಇರುತ್ತದೆ. ಸವೆದದ್ದರಲ್ಲಿ ಅಕ್ಷರ ದಪ್ಪವಾಗಿ, ಮೊಂಡಾಗಿ ಕಾಣುತ್ತದೆ. ಆ ಅಲುಗಾಟ ಎಷ್ಟೆಂದು ಗೊತ್ತಾದ ಮೇಲೆಯೇ ಅದಕ್ಕಿಂತ ಹೆಚ್ಚಿನದನ್ನು ತಪ್ಪು ಎನ್ನಬಹುದು. ಆಮೇಲೆ ಅವರ 1939ನ್ನು ಕ್ಯಾಟಲಾಗಿನ 1939ರ ಮೇಲೆ ಹೊದಿಸಿದೆ. ಬಳ್ಳಿ, ಅಕ್ಷರ, ಮೊದಲ ಮೂರು ಅಂಕಿ, ಎಲ್ಲವೂ ನಿಂತಲ್ಲೇ ನಿಂತವು. ಕೊನೆಯ 9 ಕುಣಿಯಿತು. ಆದರೂ ತೀರ್ಪು ಕೊಡಲಿಲ್ಲ, ಯಾಕೆಂದರೆ ಕ್ಯಾಟಲಾಗಿನವರ ದೀಪ ಎಲ್ಲಿತ್ತೋ ನನಗೇನು ಗೊತ್ತು? ಕೊನೆಗೆ ಅವರ 1939ನ್ನು ಅವರದೇ 1938ರ ಮೇಲೆ ಹೊದಿಸಿದೆ. 9ರ ತಲೆಯ ಸುತ್ತು 8ರ ಮೇಲಿನ ಸುತ್ತಿನ ಮೇಲೆ ಗೆರೆಗೆ ಗೆರೆ ಕೂತಿತು. 9ರ ಬಲಗಡೆಯ ಬಾಗು 8ರ ಕೆಳಸುತ್ತಿನ ಬಲ ಬಾಗಿನ ಮೇಲೆ ಕೂತಿತು. ಕಾಣೆಯಾಗಿದ್ದದ್ದು ಕೆಳಸುತ್ತಿನ ಎಡ ತುಂಡು ಮಾತ್ರ, ಆ ಜಾಗದ ಬಯಲು ಸುತ್ತಲಿನದಕ್ಕಿಂತ ತುಸು ತಗ್ಗಾಗಿ, ತೀಡಿದ ಗೀರುಗಳಿಂದ ಮಂಕಾಗಿತ್ತು. ಅದೇ ನಾಣ್ಯದ ಎರಡನೆಯ ಅಂಕಿಯೂ 9 ಅಲ್ಲವೇ? ಅದರ ತಲೆ ದೊಡ್ಡದು, ಇದರ ತಲೆ ಚಿಕ್ಕದು. ಅದು ಹುಟ್ಟಾ ಒಂಬತ್ತು, ಇದು ಮಾಡಿದ ಒಂಬತ್ತು.

ಪಾಠ ಇಷ್ಟು. ಅನುಮಾನದ ನಾಣ್ಯವನ್ನು ಅದು ಏನೆಂದು ಹೇಳಿಕೊಳ್ಳುತ್ತದೋ ಅದರೊಂದಿಗೆ ಹೋಲಿಸಿದರೆ ಸಾಲದು, ಮೊದಲು ಏನಾಗಿದ್ದಿರಬಹುದೋ ಅದರೊಂದಿಗೂ ಹೋಲಿಸಬೇಕು. ಹೊಂದದಿರುವುದು ಅನುಮಾನ ಹುಟ್ಟಿಸಿತು, ಹೊಂದಿದ್ದು ಅಪರಾಧ ಸಾಬೀತು ಮಾಡಿತು.

ಇದನ್ನು ನನಗಿಂತ ನೂರು ವರ್ಷ ಮೊದಲು ತೋರಿಸಿಕೊಟ್ಟ ಪುಸ್ತಕ ಜಾರ್ಜ್ ಹಿಲ್‌ರ ‘ಬೆಕರ್ ದಿ ಕೌಂಟರ್‌ಫೀಟರ್’. ಬ್ರಿಟಿಷ್ ಮ್ಯೂಸಿಯಂನ ನಾಣ್ಯ ವಿಭಾಗ ನೋಡಿಕೊಳ್ಳುತ್ತಿದ್ದ ಹಿಲ್ ಇದನ್ನು 1924–25ರಲ್ಲಿ ಎರಡು ಭಾಗವಾಗಿ ತಂದರು. ಕಾರ್ಲ್ ವಿಲ್ಹೆಲ್ಮ್ ಬೆಕರ್ (1772–1830) ಜರ್ಮನಿಯವನು, ಗ್ರೀಕ್ ಮತ್ತು ರೋಮನ್ ನಾಣ್ಯಗಳ ಅಚ್ಚನ್ನು ಕೈಯಿಂದಲೇ ಕೆತ್ತುತ್ತಿದ್ದ. ಹೊಸದಾಗಿ ಹೊಡೆದ ನಾಣ್ಯಗಳನ್ನು ಕಬ್ಬಿಣದ ಪುಡಿಯ ಡಬ್ಬಿಯಲ್ಲಿ ಹಾಕಿ ತನ್ನ ಸಾರೋಟಿಗೆ ಕಟ್ಟಿ, ಕುಲುಕಿ ಕುಲುಕಿ ಹಳತಾಗಿಸುತ್ತಿದ್ದ ಎಂಬುದು ನಮ್ಮ ಹವ್ಯಾಸದ ಪುರಾಣಗಳಲ್ಲೊಂದು. ಅವನು ಎಷ್ಟೋ ಬಾರಿ ಅಗ್ಗದ ಅಸಲಿ ಹಳೆ ನಾಣ್ಯದ ಮೇಲೆಯೇ ತನ್ನ ಅಚ್ಚು ಹೊಡೆದ. ಲೋಹ ಹಳೆಯದು, ಅಸಲಿ! ಠಣ್ ಪಂಗಡಕ್ಕೂ ತಕ್ಕಡಿ ಪಂಗಡಕ್ಕೂ ಅಲ್ಲೇ ಸೋಲು. ಹಿಲ್ ಮಾಡಿದ್ದು ಬೆಕರನ ಒಂದೊಂದು ಅಚ್ಚಿನ ಚಿತ್ರವನ್ನೂ ಪುಟಪುಟವಾಗಿ ಅಚ್ಚು ಹಾಕಿಸಿದ್ದು. ಕೈಯಿಂದ ಕೆತ್ತಿದ ಎರಡು ಅಚ್ಚು ಪೂರ್ತಿ ಒಂದೇ ಆಗುವುದಿಲ್ಲ. ಹಾಗಾಗಿ ನಿಮ್ಮ ನಾಣ್ಯ ಹಿಲ್‌ರ ಪುಟದ ಚಿತ್ರದ ಮೇಲೆ ಕೂತರೆ ಮುಗಿಯಿತು, ಅದು ಬೆಕರನದ್ದೇ. ಅಸಲಿಯ ಚಿತ್ರಕ್ಕಿಂತ ಖೋಟಾದ ಚಿತ್ರ ಹೆಚ್ಚು ಖಚಿತವಾದ ಉತ್ತರ ಕೊಡುವುದು ಇಲ್ಲಿ.

ಈಗಿನ ಖೋಟಾ ಮಾಡುವವರು ಕೆತ್ತುವ ಗೋಜಿಗೇ ಹೋಗುವುದಿಲ್ಲ, ಅಸಲಿ ನಾಣ್ಯದಿಂದಲೇ ಅಚ್ಚು ಎತ್ತುತ್ತಾರೆ. ಅದರ ಮೇಲೆ ಅಸಲಿಯ ಚಿತ್ರ ಹೊದಿಸಿದರೆ ಪೂರ್ತಿ ಕೂಡುತ್ತದೆ, ‘ಪಾಸ್’ ಎಂದು ಬೀಗುತ್ತೀರಿ. ಆದರೆ ಆ ತಾಯಿ ನಾಣ್ಯ ಚೀಲದಲ್ಲಿ ಬಿದ್ದು ಎದ್ದು ಗಲ್ಲದ ಮೇಲೆ ಒಂದು ತಗ್ಗು, ಬಯಲಿನಲ್ಲಿ ಒಂದು ಗೀರು ಪಡೆದಿರುತ್ತದೆ. ಅಚ್ಚಿನೊಂದಿಗೆ ಅವೂ ಎಲ್ಲ ಮಕ್ಕಳಿಗೂ ಬರುತ್ತವೆ. ಆದ್ದರಿಂದ ಒಂದೇ ಬಗೆಯ ಎರಡು ಅನುಮಾನದ ನಾಣ್ಯ ಸಿಕ್ಕರೆ ಅವನ್ನೇ ಪರಸ್ಪರ ಹೊದಿಸಿ. ಉಬ್ಬಿದ ಗೆರೆ ಎರಡರಲ್ಲೂ ಒಂದೇ ಜಾಗದಲ್ಲಿದ್ದರೆ ಚಿಂತೆಯಿಲ್ಲ, ಟಂಕಸಾಲೆಯ ಅಚ್ಚು ಬಿರುಕು ಬಿಟ್ಟರೆ ಹಾಗಾಗುತ್ತದೆ. ತಗ್ಗಿದ ಪೆಟ್ಟು ಎರಡರಲ್ಲೂ ಒಂದೇ ಜಾಗದಲ್ಲಿದ್ದರೆ ಎಚ್ಚರ. ಅಚ್ಚಿಗೆ ಏನಾದರೂ ಅಂಟಿಕೊಂಡೂ ಒಂದು ತಗ್ಗು ಬರಬಹುದು, ಆದ್ದರಿಂದ ಒಂದಕ್ಕೆ ಗಲ್ಲಿಗೇರಿಸಬೇಡಿ. ಬೇರೆ ಬೇರೆ ಆಕಾರದ ಮೂರ್ನಾಲ್ಕು, ಎರಡೂ ಮುಖದಲ್ಲಿ ಕೂಡಿದರೆ, ಅವುಗಳಲ್ಲೊಂದು ತಾಯಿ ನಾಣ್ಯವೇ ಅಲ್ಲದಿದ್ದರೆ, ಎರಡೂ ಖೋಟಾ. ತಗ್ಗೋ ಉಬ್ಬೋ ಎಂದು ಫೋಟೊದಲ್ಲಿ ಕಣ್ಣು ಸುಲಭವಾಗಿ ಮೋಸ ಹೋಗುತ್ತದೆ. ದೀಪದ ದಿಕ್ಕು ಗೊತ್ತಿದ್ದರೆ ಮಾತ್ರ ನೆರಳು ಯಾವ ಬದಿಗೆ ಬಿದ್ದಿದೆ ಎಂದು ನೋಡಿ ಹೇಳಬಹುದು. ಹತ್ತು ಗಂಟೆಯ ದಿಕ್ಕು ಎಂದು ಹಟ ಹಿಡಿದದ್ದು ಅದಕ್ಕೇ.

ಸ್ಕೇಲಿನ ಹಟ ಇನ್ನೊಂದಕ್ಕೆ. ಎರಕ ಹೊಯ್ದ ಖೋಟಾ ಆರುವಾಗ ಕುಗ್ಗುತ್ತದೆ, ನೂರಕ್ಕೆ ಒಂದೆರಡು ಪಾಲು. ಮೂವತ್ತು ಮಿಲಿಮೀಟರಿನ ರೂಪಾಯಿಯಲ್ಲಿ ಅದು ಅರ್ಧ ಮಿಲಿಮೀಟರಿನ ಆಸುಪಾಸು. ಹೊದಿಸುವಾಗ ನೀವೇ ಹಿಗ್ಗಿಸಿ ಕೂಡಿಸುತ್ತೀರಲ್ಲ, ಆ ಸಾಕ್ಷಿಯನ್ನು ನಿಮ್ಮ ಕೈಯಾರೆ ಅಳಿಸಿರುತ್ತೀರಿ. ಅದಕ್ಕೆ ಹಿಗ್ಗಿಸುವ ಮೊದಲೇ ಪಕ್ಕದ ಸ್ಕೇಲಿನಿಂದ ಅಳತೆ ಬರೆದಿಟ್ಟುಕೊಳ್ಳಬೇಕು.

ದಾವಣಗೆರೆಯವರಿಗೆ ಉತ್ತರ ಬರೆದಿದ್ದೇನೆ, ಆ ನಾಣ್ಯವನ್ನು ಬಿಸಾಡಬೇಡಿ ಎಂದೂ ಸೇರಿಸಿದ್ದೇನೆ. ಅದರ ನೇರ ಫೋಟೊ, ಅಳತೆ, ದೀಪದ ದಿಕ್ಕು ಸಹಿತ ‘ಖೋಟಾ’ ಎಂಬ ಕಡತದಲ್ಲಿ ಇಟ್ಟರೆ ಮುಂದಿನ ಮಾಡಿದ ಒಂಬತ್ತಿಗೆ ಅದೇ ಸಾಕ್ಷಿ. ಕೂಡಿದ ನಾಣ್ಯಗಳ ಬಗ್ಗೆ ಮಾತ್ರ ಅವಸರ ಬೇಡ. ಮೇಲಿನಿಂದ ತೆಗೆದ ಚಿತ್ರದಲ್ಲಿ ನಾಣ್ಯದ ಪಕ್ಕೆ ಕಾಣುವುದಿಲ್ಲ, ಎರಕದ ಎರಡು ಹೋಳು ಸೇರಿದ ಗೆರೆಯೂ ಅದನ್ನು ಅರದಿಂದ ಉಜ್ಜಿದ ಗುರುತೂ ಇರುವುದು ಅಲ್ಲೇ.