ಎಡೆ ಯಾವ ಮನೆಯದು?

ಪರದೇಶದಲ್ಲಿ ನೆಲೆಸಿದ ನಮ್ಮವರ ಮನೆಪೂಜೆಯ ಬಗ್ಗೆ ಬಂದಿರುವ ಅಧ್ಯಯನಗಳನ್ನು ಓದುತ್ತ ಹೋದರೆ ಮತ್ತೆ ಮತ್ತೆ ಎದುರಾಗುವುದು ದೇವರ ಗೂಡು. ಅಡುಗೆಮನೆಯ ಮೂಲೆಯ ಕಪಾಟು, ಬಟ್ಟೆ ಇಡುವ ಜಾಗವನ್ನು ಖಾಲಿ ಮಾಡಿ ಕಟ್ಟಿಕೊಂಡ ಪೂಜೆಕೋಣೆ, ಅದರೊಳಗಿನ ಪಟಗಳು, ದೀಪಗಳು. ಅಮೆರಿಕದ ಹಿಂದೂ ಮನೆಗಳ ಪೂಜಾಸ್ಥಳಗಳ ಬಗ್ಗೆ ಶಂಪಾ ಮಜುಂದಾರ್ ಮತ್ತು ಸಂಜೋಯ್ ಮಜುಂದಾರ್ 2003ರಲ್ಲಿ ಪ್ರಕಟಿಸಿದ ಲೇಖನ ಇಂಥ ಬರಹಗಳಲ್ಲಿ ಮುಖ್ಯವಾದದ್ದು. ಬೆಲೆಯುಳ್ಳ ಕೆಲಸ ಅದು. ಆದರೆ ಬೆಸಗರಹಳ್ಳಿ, ಕೊಪ್ಪ, ಮಳವಳ್ಳಿ ಕಡೆಯಿಂದ ಹೋದ ಎಷ್ಟೋ ಕುಟುಂಬಗಳ ಪಾಲಿಗೆ ಮನೆಯೊಳಗೆ ನಡೆಯುವ ವರ್ಷದ ದೊಡ್ಡ ಪೂಜೆ ಆ ಗೂಡಿನದಲ್ಲ, ಹಿರಿಯರ ಎಡೆಯದು.

ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಪಿತೃಪಕ್ಷ ಬಂತೆಂದರೆ ಒಕ್ಕಲಿಗರು, ದಲಿತರು, ಇನ್ನೂ ಹಲವು ಸಮುದಾಯಗಳವರು ಮನೆ ತೊಳೆದು, ತೀರಿಕೊಂಡವರ ಹೆಸರಲ್ಲಿ ಹೊಸ ಪಂಚೆ, ಸೀರೆ ತಂದು ಕಳಸದ ಬಳಿ ಇಡುತ್ತಾರೆ. ಬಾಳೆ ಎಲೆಯ ಮೇಲೆ ಮುದ್ದೆ, ಮಟನ್ ಸಾರು, ಕೋಳಿ, ವಡೆ, ಕಜ್ಜಾಯ, ಜೊತೆಗೆ ತಾತ ಸೇದುತ್ತಿದ್ದ ಬೀಡಿ, ಕುಡಿಯುತ್ತಿದ್ದರೆ ಅದೂ. ಮನೆಮಂದಿಯೆಲ್ಲ ಒಬ್ಬೊಬ್ಬರಾಗಿ ಕೆಂಡದ ಮೇಲೆ ಸಾಂಬ್ರಾಣಿ ಧೂಪ ಹಾಕಿ ಕೈಮುಗಿಯುತ್ತಾರೆ. ಆಮೇಲೆ ಬಾಗಿಲು ಮುಂದೆ ಮಾಡಿ ಹೊರಗೆ ನಿಲ್ಲುವುದು, ಹಿರಿಯರು ಉಣ್ಣಲಿ ಎಂದು. ಕಾಗೆಗೆ ಒಂದು ಪಾಲು ಮಾಳಿಗೆ ಮೇಲೆ. ಇದಕ್ಕೆ ಪುರೋಹಿತ ಬೇಡ, ಗುಡಿ ಬೇಡ, ಮಂತ್ರ ಬೇಡ. ಬೇಕಾದದ್ದು ಮನೆ, ಅಡುಗೆ, ಸತ್ತವರ ಹೆಸರು.

ಇಂಥ ಆಚರಣೆಯನ್ನು ಧರ್ಮವೆಂದೇ ಗಣಿಸಿ ನೋಡಲು ಕಲಿಸಿದ್ದು ಲಿವ್ಡ್ ರಿಲಿಜನ್ ಎಂಬ ಪಂಥ. ಶಾಸ್ತ್ರಗ್ರಂಥ, ಪುರೋಹಿತ, ಸಂಸ್ಥೆಗಳನ್ನು ಬದಿಗಿಟ್ಟು, ಜನ ತಮ್ಮ ಅಡುಗೆಮನೆ, ಕಾಯಿಲೆ, ಬಾಣಂತನ, ಸಾವುಗಳ ನಡುವೆ ದೇವರೊಂದಿಗೆ ಹೇಗೆ ಬಾಳುತ್ತಾರೆ ಎಂದು ಅದು ಕೇಳುತ್ತದೆ. ಈ ಪಂಥಕ್ಕೆ ಹೆಸರು ಗಟ್ಟಿಯಾದದ್ದು ಡೇವಿಡ್ ಹಾಲ್ 1997ರಲ್ಲಿ ಸಂಪಾದಿಸಿದ ಸಂಕಲನದಿಂದ. ಆದರೆ ಅದರ ಬೇರಿನಲ್ಲಿರುವ ಪುಸ್ತಕ ರಾಬರ್ಟ್ ಓರ್ಸಿಯ 1985ರ ಕೃತಿ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ನೆಲೆಸಿದ ಇಟಲಿಯ ವಲಸಿಗರು 115ನೇ ಬೀದಿಯ ಮೇರಿಯಮ್ಮನಿಗೆ ನಡೆಸುತ್ತಿದ್ದ ಜಾತ್ರೆಯ ಕಥೆ ಅದು. ಆ ಜನರ ಧರ್ಮದ ನಡುಗಂಬ ಚರ್ಚು ಅಲ್ಲ, ಕುಟುಂಬವೇ ಎಂದು ಓರ್ಸಿ ತೋರಿಸಿದ. ಅಷ್ಟೇ ಅಲ್ಲ, ಆ ಕುಟುಂಬ ತನ್ನ ಹೆಣ್ಣುಮಕ್ಕಳ ಮೇಲೆ ಹೊರಿಸಿದ ಭಾರವನ್ನೂ ಮುಚ್ಚಿಡಲಿಲ್ಲ. ಮಂಡ್ಯದ ಓದುಗರಿಗೆ ಆ ಪುಸ್ತಕದ ಬಹುಪಾಲು ಪರಿಚಿತವೆನಿಸುತ್ತದೆ.

ನನ್ನ ತಕರಾರು ಇರುವುದು ಆನಂತರದ ದಾರಿಯ ಬಗ್ಗೆ. 2008ರಲ್ಲಿ ಮೆರೆಡಿತ್ ಮೆಕ್‌ಗೈರ್ ಬರೆದ ಪುಸ್ತಕದ ಹೊತ್ತಿಗೆ ಗಮನ ಒಬ್ಬೊಬ್ಬ ವ್ಯಕ್ತಿಯ ಮೇಲೆ ನಿಂತಿತು. 2013ರಲ್ಲಿ ನ್ಯಾನ್ಸಿ ಆಮರ್‌ಮನ್ ಬಾಸ್ಟನ್ ಮತ್ತು ಅಟ್ಲಾಂಟಾದ 95 ಜನರನ್ನು ಮಾತಾಡಿಸಿ, ಅವರಿಂದಲೇ ಫೋಟೋ ತೆಗೆಸಿ, ದಿನಚರಿಯನ್ನು ಧ್ವನಿಮುದ್ರಿಸಿಕೊಂಡು ಬರೆದರು. ಒಬ್ಬ ವ್ಯಕ್ತಿ, ಅವನ ಮಾತು, ಅವನ ಫೋಟೋ. ಸ್ವಂತ ಆಯ್ಕೆಯಿಂದ ಧರ್ಮ ಕಟ್ಟಿಕೊಳ್ಳುವ ಸಮಾಜದಲ್ಲಿ ಈ ವಿಧಾನ ಫಲ ಕೊಡುತ್ತದೆ. ಎಡೆಯ ವಿಷಯದಲ್ಲಿ ಅದು ಎಲ್ಲಿ ಸೋಲುತ್ತದೆ ಎಂಬುದಕ್ಕೆ ಒಂದು ವರ್ಷದ ಲೆಕ್ಕವನ್ನೇ ಹಾಕಿ ನೋಡಬಹುದು.

2024ರಲ್ಲಿ ಮಹಾಲಯ ಅಮಾವಾಸ್ಯೆ ಬಂದದ್ದು ಅಕ್ಟೋಬರ್ 2ರ ಬುಧವಾರ. ಬೆಂಗಳೂರಿನಲ್ಲಿ ಗಾಂಧಿ ಜಯಂತಿಯ ಕಾರಣ ಅಂದು ಮಾಂಸದಂಗಡಿ ಮುಚ್ಚಿದ್ದವು. ನ್ಯೂಜೆರ್ಸಿಯಲ್ಲಿ ಅದು ಕೆಲಸದ ದಿನ. ಅಮಾವಾಸ್ಯೆ ತಿಥಿಯೂ ಅಲ್ಲಿಯ ಗಡಿಯಾರದಲ್ಲಿ ಬುಧವಾರ ಮಧ್ಯಾಹ್ನ ಮೂರರೊಳಗೆ ಮುಗಿದುಹೋಯಿತು. ಬೆಸಗರಹಳ್ಳಿ ಕಡೆಯ ಒಂದು ಕುಟುಂಬ ಅಲ್ಲಿದೆ ಎಂದಿಟ್ಟುಕೊಳ್ಳೋಣ. ಎಡೆ ಇಡುವುದಾದರೆ ಪಕ್ಷದೊಳಗಿನ ಹಿಂದಿನ ಶನಿವಾರವೋ ಭಾನುವಾರವೋ, ಅಂದರೆ ಸೆಪ್ಟೆಂಬರ್ 28 ಅಥವಾ 29ಕ್ಕೆ ಇಡಬೇಕು. ಮುಂದಿನ ವಾರಕ್ಕೆ ತಳ್ಳಿದರೆ ನವರಾತ್ರಿ ಬಂದುಬಿಡುತ್ತದೆ. ಕೆಂಡದ ಧೂಪ ಹಾಕಿದರೆ ಹೊಗೆಯ ಅಲಾರಂ ಕೂಗುತ್ತದೆ, ಹಾಗಾಗಿ ಊದಿನಕಡ್ಡಿ. ಕಾಗೆಯ ಪಾಲು ಹಿತ್ತಲ ಕಟ್ಟೆಯ ಮೇಲೆ, ಅದೂ ರಾತ್ರಿ ರಕೂನ್ ಬರುವ ಮುಂಚೆ ಎತ್ತಿಡಬೇಕು. ಈ ಹೊಂದಾಣಿಕೆಗಳನ್ನು ಲಿವ್ಡ್ ರಿಲಿಜನ್ ಬಹಳ ಚೆನ್ನಾಗಿ ಹಿಡಿಯುತ್ತದೆ.

ಆದರೆ ಆ ಮನೆಯಲ್ಲಿ ಎಡೆಯೇ ಇಲ್ಲದಿದ್ದರೆ? ದೇವರ ಗೂಡು ಇದೆ, ಶನಿವಾರದ ದೀಪ ಇದೆ, ಪಕ್ಷದಲ್ಲಿ ಮಾತ್ರ ಏನೂ ಇಲ್ಲ. ಒಂದು ಮನೆಯೊಳಗೆ ಕೂತು ಬರೆಯುವವರು ಇದನ್ನು ಮರೆವು ಎಂದೋ, ಹೊಸ ತಲೆಮಾರಿನ ಆಯ್ಕೆ ಎಂದೋ ಓದುವ ಸಂಭವವೇ ಹೆಚ್ಚು. ನಿಜವಾದ ಕಾರಣ ಊರಿನ ಪಹಣಿಯಲ್ಲಿ ಇರಬಹುದು. ನಮ್ಮ ಕಡೆ ಅನೇಕ ಮನೆಗಳಲ್ಲಿ ಅಣ್ಣತಮ್ಮಂದಿರು ಪಾಲಾಗುವ ತನಕ ಎಡೆ ಒಂದೇ, ಅದು ಹಿರೀಮನೆಯಲ್ಲಿ. ಪಾಲಾದ ಮೇಲೆ ಅವರವರ ಮನೆಯಲ್ಲಿ ಅವರವರು ಇಡುತ್ತಾರೆ. ಗದ್ದೆ ಇನ್ನೂ ಒಟ್ಟಿಗಿದ್ದರೆ ನ್ಯೂಜೆರ್ಸಿಯ ತಮ್ಮ ಬೇರೆ ಎಡೆ ಇಡುವಂತಿಲ್ಲ. ಇಟ್ಟರೆ ಬೇರೆಯಾದೆ ಎಂದು ಸಾರಿದಂತೆ. ಅವನು ಬಟ್ಟೆಗೆ, ಮರಿಗೆ ದುಡ್ಡು ಕಳಿಸುತ್ತಾನೆ, ಅಣ್ಣ ಧೂಪ ಹಾಕುವಾಗ ವೀಡಿಯೋ ಕಾಲಿನಲ್ಲಿ ಕೈಮುಗಿಯುತ್ತಾನೆ. ಅವನು ಎಡೆ ಇಡದಿರುವುದೇ ಅವನ ಆಚರಣೆ. ಜನ ಏನು ಮಾಡುತ್ತಾರೆ ಎಂದಷ್ಟೇ ಕೇಳುವ ವಿಧಾನಕ್ಕೆ, ಕಟ್ಟಳೆಯ ಪ್ರಕಾರ ಮಾಡದೆ ಇರುವುದು ಕಾಣಿಸುವುದಿಲ್ಲ.

ಇನ್ನೊಂದು ಕುರುಡು ಮೂಲೆ ಮಾಂಸದ್ದು. ಸಂಶೋಧಕರು ಬಂದು ನಿಮ್ಮ ಪೂಜೆ ತೋರಿಸಿ ಎಂದಾಗ ಜನ ಗೂಡನ್ನು ತೋರಿಸುತ್ತಾರೆ. ಮಟನ್ ಸಾರು, ಬ್ರಾಂದಿ ಇಟ್ಟ ಎಲೆಯನ್ನು ಪೂಜೆ ಎಂದು ಹೊರಗಿನವರ ಮುಂದೆ ಹೇಳಲು ಎಷ್ಟೋ ಜನರಿಗೆ ಬಾಯಿ ಬರುವುದಿಲ್ಲ. ಪರದೇಶದಲ್ಲಿ ಹಿಂದೂ ಎಂದರೆ ಸಸ್ಯಾಹಾರಿ ಎಂಬ ಚಿತ್ರ ಬಲವಾಗಿದೆ. ದೇವಸ್ಥಾನಗಳ ಊಟವೂ ಅದನ್ನೇ ಗಟ್ಟಿಮಾಡುತ್ತದೆ. ಸಂದರ್ಶನವನ್ನೇ ನಂಬಿದರೆ ಜಾತಿಯ ಈ ಸಂಕೋಚ ಅಧ್ಯಯನದೊಳಗೂ ಸೇರಿಕೊಂಡು, ಮೇಲ್ಜಾತಿಯ ಗೂಡೇ ಎಲ್ಲರ ಗೂಡಾಗಿಬಿಡುತ್ತದೆ. ಸಾಮಾನ್ಯರ ಧರ್ಮಕ್ಕೆ ಬಾಯಿ ಕೊಡುತ್ತೇವೆಂದು ಹೊರಟ ಪಂಥಕ್ಕೆ ಇದು ಸಣ್ಣ ಸೋಲಲ್ಲ. ಇದನ್ನು ಪತ್ತೆಹಚ್ಚುವ ದಾರಿ ಸರಳ: ದೇವರ ಬಗ್ಗೆ ಕೇಳುವ ಬದಲು ಪಕ್ಷದ ವಾರಗಳಲ್ಲಿ ಏನು ಅಡುಗೆ ಮಾಡಿದಿರಿ, ಯಾರಿಗೆ ಬಟ್ಟೆ ತಂದಿರಿ ಎಂದು ಕೇಳಬೇಕು. ಅದನ್ನೂ ಅಡುಗೆ ಮಾಡಿದ ಹೆಂಗಸನ್ನೇ ಕೇಳಬೇಕು. ಅವಳು ಬೇಯಿಸುವುದು ಗಂಡನ ಕಡೆಯ ಹಿರಿಯರಿಗೆ. ತವರಿನ ಎಡೆಗೆ ಅವಳನ್ನು ಕರೆಯುವ ವಾಡಿಕೆ ಊರಲ್ಲಿ ಇದೆ, ಏಳು ಸಮುದ್ರದಾಚೆ ಅವಳು ತನ್ನ ಅಪ್ಪನಿಗೆ ಎಲ್ಲಿ ಕೈಮುಗಿಯಬೇಕು?

ಈ ಕೊರತೆ ತುಂಬಲು ಬೇಕಾದ ಉಪಕರಣ ನಮ್ಮಲ್ಲೇ ಇತ್ತು. ಎಂ.ಎನ್. ಶ್ರೀನಿವಾಸ್ 1952ರ ತಮ್ಮ ಕೊಡಗಿನ ಅಧ್ಯಯನದಲ್ಲಿ ಧರ್ಮದ ಘಟಕವಾಗಿ ತೆಗೆದುಕೊಂಡದ್ದು ವ್ಯಕ್ತಿಯನ್ನಲ್ಲ, ಒಕ್ಕವನ್ನು: ಸತ್ತವರು, ಇರುವವರು, ಹುಟ್ಟಲಿರುವವರು ಎಲ್ಲ ಸೇರಿದ ಮನೆತನವನ್ನು. ಕಾರಣವರಿಗೆ ಮಾಂಸ, ಮದ್ಯ ಅರ್ಪಿಸುವುದನ್ನೂ ಅವರು ಸಂಕೋಚವಿಲ್ಲದೆ ದಾಖಲಿಸಿದರು. ಅವರ ಒಕ್ಕ ಒಂದೇ ನೆಲಕ್ಕೆ ಕಟ್ಟಿಕೊಂಡಿತ್ತು, ನಿಜ, ವಲಸೆ ಅದರಲ್ಲಿಲ್ಲ. ಓರ್ಸಿಯ ಕಣ್ಣನ್ನೂ ಶ್ರೀನಿವಾಸರ ಘಟಕವನ್ನೂ ಕೂಡಿಸಿದರೆ ಎರಡು ದೇಶಗಳಲ್ಲಿ ಹರಡಿಕೊಂಡ ಒಂದೇ ಮನೆ ನೋಟಕ್ಕೆ ಸಿಗುತ್ತದೆ.

ಆದ್ದರಿಂದ ಈ ಕೆಲಸ ಎಡಿಸನ್ನಿನಲ್ಲೋ ಡಲ್ಲಾಸಿನಲ್ಲೋ ಆರಂಭವಾಗಬಾರದು. ಮೊದಲು ಬೆಸಗರಹಳ್ಳಿಯ ಹಿರೀಮನೆಯಲ್ಲಿ ಒಂದು ಪಕ್ಷ ಕಳೆದು, ಯಾರ ಹೆಸರಿಗೆ ಎಲೆ ಬಿತ್ತು, ಯಾರ ದುಡ್ಡು ಬಂತು, ಯಾರು ಫೋನಿನಲ್ಲಿದ್ದರು ಎಂದು ಬರೆದುಕೊಂಡು, ಆಮೇಲೆ ವಿಮಾನ ಹತ್ತಬೇಕು. ಮಾನಸಗಂಗೋತ್ರಿಯ ಕನ್ನಡ ಅಧ್ಯಯನ ಸಂಸ್ಥೆಯೂ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯವೂ ಈ ಮೊದಲರ್ಧವನ್ನು ಕೈಗೆತ್ತಿಕೊಳ್ಳಲಿ. ಎಲೆಯ ಮುಂದೆ ಹೆಸರು ಕರೆದು ಧೂಪ ಹಾಕುವ, ಆ ಹೆಸರುಗಳನ್ನು ನಾಲ್ಕು ತಲೆಮಾರಿನವರೆಗೆ ಬಲ್ಲ ಅಜ್ಜಿಯರು ಹಿರೀಮನೆಗಳಲ್ಲಿ ಇನ್ನೂ ಇದ್ದಾರೆ.