ಗಂಗಾಳದ ಮೊದಲ ಚಿತ್ರ

ರೊಟ್ಟಿ ಊಟದ ಮೊದಲ ಚಿತ್ರವನ್ನು ಹೆಚ್ಚಾಗಿ ಕೆಡಿಸುವುದು ಎರಡು ಸಂಗತಿ: ಹೊಳೆಯುವ ಸ್ಟೀಲ್ ಗಂಗಾಳ ಮತ್ತು ಒಂದರ ಮಗ್ಗುಲಲ್ಲಿ ಒಂದು ಕೂತ ಕಂದು ಬಣ್ಣದ ಪದಾರ್ಥಗಳು. ರಾಯಚೂರು ನಗರದ ಮನೆಯೊಂದರ ಊಟವನ್ನು ನೋಡಬಹುದು. ದೇವದುರ್ಗ ಕಡೆಯ ಬಿಳಿಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಮಾನ್ವಿಯ ಸೋನಾ ಮಸೂರಿ ಅನ್ನ. ಕಡಿದುಕೊಳ್ಳಲು ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ.

ಮೊದಲ ಚಿತ್ರವನ್ನು ಟ್ಯೂಬ್‌ಲೈಟಿನ ಕೆಳಗೆ ಮೊಬೈಲಿನಲ್ಲಿ ನೇರ ಮೇಲಿಂದ ತೆಗೆಯಲಾಗಿತ್ತು. ಗಂಗಾಳದ ಅಂಚಿನಲ್ಲಿ ದೀಪದ ಬಿಳಿ ಗೆರೆ, ತಳದಲ್ಲಿ ಮೊಬೈಲ್ ಹಿಡಿದ ಕೈಯ ನೆರಳು. ಎಣ್ಣೆಗಾಯಿ, ಗುರೆಳ್ಳು ಹಿಂಡಿ, ಪುಂಡಿಪಲ್ಯ ಮೂರೂ ಸೇರಿ ಒಂದೇ ಕಂದು ಮುದ್ದೆ. ಎಲ್ಲಕ್ಕಿಂತ ದೊಡ್ಡ ತಪ್ಪು ರೊಟ್ಟಿಯದು. ಬೆಳಕು ಹೊಂದಿಸಲು ಬೆರಳಿಟ್ಟದ್ದು ಬದನೆಕಾಯಿಯ ಮೇಲೆ. ಕಪ್ಪು ಕಂಡ ಮೊಬೈಲ್ ಇಡೀ ಚಿತ್ರವನ್ನು ಬೆಳಗಿಸಿತು, ರೊಟ್ಟಿ ಬರೀ ಬಿಳಿ ಕಾಗದದಂತಾಯಿತು. ಹಂಚಿನ ಮೇಲೆ ಸುಟ್ಟ ಕಂದು ಚುಕ್ಕೆಗಳೇ ಜೋಳದ ರೊಟ್ಟಿಯ ಗುರುತು. ಅವು ಅಳಿಸಿಹೋದ ಚಿತ್ರವನ್ನು ಒಪ್ಪಲಾಗದು.

ತಿದ್ದುವುದು ಬೆಳಕಿನಿಂದ ಶುರು. ರಾಯಚೂರಿನ ಮಧ್ಯಾಹ್ನದ ಬಿಸಿಲು ಬಲು ಕಟುವಾದದ್ದು, ಆಗ ನೆರಳುಗಳು ಕತ್ತರಿಸಿದಂತೆ ಬೀಳುತ್ತವೆ. ಬಿಸಿಲು ನೇರ ಬೀಳದ ಕಿಟಕಿಯ ಬಳಿ, ದೀಪ ಆರಿಸಿ, ಬೆಳಕು ಮಗ್ಗುಲಿಂದ ಬರುವಂತೆ ಗಂಗಾಳ ಇಡಬೇಕು. ಎದುರು ಬದಿಗೆ ಬಿಳಿ ಪಂಚೆಯೊಂದನ್ನು ಇಳಿಬಿಟ್ಟರೆ ಬೆಳಕು ಮರಳಿ ಬಂದು ಬದನೆಕಾಯಿಯ ಸೀಳುಗಳು ಕಾಣುತ್ತವೆ, ಸ್ಟೀಲಿನಲ್ಲಿ ಪ್ರತಿಫಲಿಸುವುದೂ ಆ ಬಿಳುಪೇ. ಬೆರಳಿಡುವುದು ರೊಟ್ಟಿಯ ಮೇಲೆ. ಚುಕ್ಕೆಗಳು ಕಾಣುವವರೆಗೆ ಬೆಳಕು ಇಳಿಸಬೇಕು.

ಬಡಿಸುವ ಕ್ರಮ ಬಣ್ಣವನ್ನು ಬಿಡಿಸುತ್ತದೆ. ಎಣ್ಣೆಗಾಯಿಗೂ ಪುಂಡಿಪಲ್ಯಕ್ಕೂ ನಡುವೆ ಮೊಸರಿನ ಬಟ್ಟಲು ಬರಲಿ. ಗುರೆಳ್ಳು ಹಿಂಡಿಯನ್ನು ಬಿಳಿ ಅನ್ನದ ಮಗ್ಗುಲಿಗೆ ಇಟ್ಟರೆ ಅದರ ಕಪ್ಪೇ ಚೆಲುವು. ರೊಟ್ಟಿಯನ್ನು ಪೂರ್ತಿ ಹಾಸಿದರೆ ಗಂಗಾಳ ಮುಚ್ಚಿಹೋಗುತ್ತದೆ. ನಾಲ್ಕು ಮಡಿಕೆ ಮಾಡಿ ಒಂದು ಬದಿಗಿಟ್ಟರೆ ಪದರಗಳೂ ಕಾಣುತ್ತವೆ. ಮಡಿಕೆ ಬಿಸಿರೊಟ್ಟಿಗೆ ಮಾತ್ರ ಸಾಧ್ಯ, ಕಡಕ್ ರೊಟ್ಟಿಯನ್ನು ಮುರಿದು ಒಂದರ ಮೇಲೊಂದು ಜೋಡಿಸಬೇಕು. ಬಟ್ಟಲು ಮುಕ್ಕಾಲು ತುಂಬಿದರೆ ಸಾಕು. ಅಂಚಿಗೆ ಹತ್ತಿದ ಮಸಾಲೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಎಣ್ಣೆಗಾಯಿಯ ಮೇಲೆ ಅದರದೇ ಎಣ್ಣೆಯನ್ನು ಅರ್ಧ ಚಮಚ ಬಿಟ್ಟರೆ ಹೊಳಪು ಮರಳುತ್ತದೆ. ಬಿಸಿರೊಟ್ಟಿಯ ಅಂಚು ಬೇಗ ಒಣಗಿ ಮೇಲೇಳುವುದರಿಂದ ಅದು ಕೊನೆಗೆ ಬರಬೇಕು. ಉಳ್ಳಾಗಡ್ಡಿ ಹೆಚ್ಚುವುದೂ ಆಗಲೇ.

ಹೀಗೆ ಬಡಿಸಿ, ನೇರ ಮೇಲಿಂದಲ್ಲದೆ ಓರೆಯಿಂದ ತೆಗೆದ ಎರಡನೆಯ ಚಿತ್ರದಲ್ಲಿ ರೊಟ್ಟಿಯ ಚುಕ್ಕೆ, ಪುಂಡಿಪಲ್ಯದ ಹಸಿರು, ಬದನೆಯ ತೊಟ್ಟು ಬೇರೆಬೇರೆಯಾಗಿ ಕಂಡವು. ಬಟ್ಟಲಿನಲ್ಲಿ ಒತ್ತಿ ಬೋರಲು ಹಾಕಿದ ಅನ್ನ ಮಾತ್ರ ಗಟ್ಟಿ ಗುಂಡಾಗಿ ಉಳಿಯಿತು. ಸೋನಾ ಮಸೂರಿಯನ್ನು ಒತ್ತಬಾರದು, ಸೌಟಿನಿಂದ ಸಡಿಲವಾಗಿ ಸುರಿಯಬೇಕು.